ಸಾವು, ತೊಂದರೆ, ಜ್ವರ: ಒಂದೇ ಅಂಕಿಯೊಳಗೆ ಮೂರು

ಕ್ರಿಟಿಕಲ್ ಅಪ್ರೈಸಲ್ ಅಸೈನ್‌ಮೆಂಟ್‌ಗೆ ಯಾವ ಆರ್‌ಸಿಟಿ, ಅಂದರೆ ಕಾಯಿಲೆಯವರನ್ನು ಚೀಟಿ ಎತ್ತಿದಂತೆ ಗುಂಪು ಮಾಡಿ ಔಷಧ ಹೋಲಿಸುವ ಟ್ರಯಲ್, ತಗೊಳ್ಳಲಿ ಅಂತ ಶಿವಮೊಗ್ಗದ ವಿದ್ಯಾರ್ಥಿಗಳು ಕೇಳಿದರೆ ನಾನು ಹೇಳುವುದು ಸ್ಕ್ರಬ್ ಟೈಫಸ್‌ನ ಇಂಟ್ರೆಸ್ಟ್ ಟ್ರಯಲ್. 2023ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದದ್ದು. ನಡೆದದ್ದು ಭಾರತದ್ದೇ ಆಸ್ಪತ್ರೆಗಳಲ್ಲಿ. ಕಾಯಿಲೆಯೂ ನಮಗೆ ದೂರದ್ದಲ್ಲ. ಪೊದೆ, ಹುಲ್ಲಿನ ನಡುವೆ ಓಡಾಡುವವರಿಗೆ ಸಣ್ಣ ನುಸಿಯ ಮರಿ ಕಚ್ಚಿ ಬರುವ ಜ್ವರ ಇದು.

ಪ್ರಶ್ನೆ ಸರಳ. ಸ್ಕ್ರಬ್ ಟೈಫಸ್ ಜೋರಾಗಿ ಅಂಗಾಂಗಕ್ಕೆ ಪೆಟ್ಟು ಬಿದ್ದವರಿಗೆ ನರದ ಮೂಲಕ ಡಾಕ್ಸಿಸೈಕ್ಲಿನ್ ಕೊಡಬೇಕೋ, ಅಜಿಥ್ರೋಮೈಸಿನ್ ಕೊಡಬೇಕೋ, ಎರಡನ್ನೂ ಸೇರಿಸಿ ಕೊಡಬೇಕೋ? ಲೆಕ್ಕಕ್ಕೆ ಬಂದವರು 794 ಜನ. ಕೆಟ್ಟ ಫಲಿತಾಂಶ ಕಂಡದ್ದು ಡಾಕ್ಸಿಯಲ್ಲಿ 47%, ಅಜಿಥ್ರೋದಲ್ಲಿ 48%, ಎರಡೂ ಸೇರಿದಾಗ 33%.

ಇಲ್ಲಿಗೆ ಬಂದ ಕೂಡಲೇ ಹೆಚ್ಚಿನವರು "ಎರಡೂ ಔಷಧ ಕೊಟ್ಟರೆ ಜೀವ ಉಳಿಯುತ್ತದೆ" ಅಂತ ಬರೆದುಬಿಡುತ್ತಾರೆ. ಟ್ರಯಲ್ ಹಾಗೆ ಹೇಳಿಲ್ಲ. ಆ "ಕೆಟ್ಟ ಫಲಿತಾಂಶ" ಅನ್ನುವುದು ಮೂರು ಸಂಗತಿ ಸೇರಿದ ಒಂದು ಅಳತೆ: 28 ದಿನದೊಳಗೆ ಸಾವು, 7ನೇ ದಿನಕ್ಕೂ ಹೋಗದ ತೊಂದರೆ, 5ನೇ ದಿನಕ್ಕೂ ಇಳಿಯದ ಜ್ವರ. ಯಾವುದಾದರೂ ಒಂದಿದ್ದರೂ ಲೆಕ್ಕಕ್ಕೆ ಸೇರಿತು. ಸಾವನ್ನು ಮಾತ್ರ ಬೇರೆ ತೆಗೆದು ನೋಡಿದರೆ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ. ಅಂದರೆ ಲಾಭ ಬಂದದ್ದು ಉಳಿದ ಎರಡರಿಂದ, ಕಾಯಿಲೆಯವರು ಬೇಗ ಸುಧಾರಿಸಿದ್ದರಿಂದ. ಅದೇನು ಸಣ್ಣದಲ್ಲ. ಏಳನೇ ದಿನಕ್ಕೂ ಉಸಿರಾಟದ ತೊಂದರೆ ಇರುವವರ ಮನೆಯವರನ್ನು ಕೇಳಿ ನೋಡಿ. ಆದರೆ ಸಾವು ಒಂದು ಮಾತು, ಎರಡು ದಿನ ಜಾಸ್ತಿ ಜ್ವರ ಬೇರೆ ಮಾತು. ಹಾಗಂತ ಸಾವಿನ ಮೇಲೆ ಪರಿಣಾಮವೇ ಇಲ್ಲ ಅಂತಲೂ ಬರೆಯಬೇಡಿ. ಸಾವಿನಲ್ಲಿ ಸಣ್ಣ ವ್ಯತ್ಯಾಸವಿದ್ದರೆ ಇಷ್ಟು ಜನರಲ್ಲಿ ಅದು ಸಿಕ್ಕಿಬೀಳುವುದು ಕಷ್ಟ.

ಬಯಾಸ್ ಹುಡುಕುವುದೂ ಈ ಮೂರನ್ನು ಬಿಡಿಸಿ ನೋಡಿದಾಗಲೇ ಸಲೀಸು. ಸಾವನ್ನು ಯಾರು ಬರೆದುಕೊಂಡರೂ ಸಾವೇ. ಆದರೆ "ತೊಂದರೆ ಇನ್ನೂ ಇದೆ" ಅನ್ನುವುದರಲ್ಲಿ ಡಾಕ್ಟರ ನಿರ್ಧಾರ ಬೆರೆಯುತ್ತದೆ. ಆಕ್ಸಿಜನ್ ಇವತ್ತು ತೆಗೆಯುವುದೋ, ನಾಳೆ ತೆಗೆಯುವುದೋ? ಯಾವ ಔಷಧ ಹೋಗಿದೆ ಅಂತ ಗೊತ್ತಿದ್ದರೆ ಕೈ ತನ್ನಷ್ಟಕ್ಕೆ ಒಂದು ಕಡೆ ವಾಲಬಹುದು. ಲಾಭ ಬಂದದ್ದು ಸಾವಿನ ಹೊರಗಿನ ಭಾಗಗಳಿಂದಲೇ ಆದ್ದರಿಂದ ಈ ಟ್ರಯಲ್‌ನಲ್ಲಿ ಬ್ಲೈಂಡಿಂಗ್, ಅಂದರೆ ಯಾರಿಗೆ ಯಾವ ಔಷಧ ಅಂತ ಗೊತ್ತಾಗದಂತೆ ಮುಚ್ಚಿಡುವುದು, ತುಂಬ ಮುಖ್ಯ. ಡಬಲ್ ಬ್ಲೈಂಡ್ ಅಂತ ಹೇಳಿದ್ದಾರೆ, ಸರಿ. ಸುಮ್ನೆ ಟಿಕ್ ಹಾಕಿ ಮುಂದೆ ಹೋಗಬೇಡಿ. ಡ್ರಿಪ್‌ಗಳು ನೋಡಲು ಒಂದೇ ಥರ ಇದ್ದವೇ, ತಯಾರಿಸಿದವರು ಯಾರು, ಮುಂದಿನವರು ಯಾವ ಗುಂಪಿಗೆ ಅಂತ ಸೇರಿಸುವವರಿಗೆ ಮೊದಲೇ ತಿಳಿಯದಂತೆ ಏನು ಮಾಡಿದ್ದರು ಅನ್ನುವುದನ್ನು ಮೆಥಡ್ಸ್ ಮತ್ತು ಪ್ರೋಟೋಕಾಲ್‌ನಲ್ಲಿ ಹುಡುಕಿ, ಆ ಸಾಲನ್ನೇ ಅಸೈನ್‌ಮೆಂಟ್‌ನಲ್ಲಿ ತೋರಿಸಿ.

ವಿಶ್ಲೇಷಣೆ "ಮಾಡಿಫೈಡ್" ಇಂಟೆನ್ಷನ್ ಟು ಟ್ರೀಟ್. ಇಂಟೆನ್ಷನ್ ಟು ಟ್ರೀಟ್ ಅಂದರೆ ಗುಂಪಿಗೆ ಹಾಕಿದವರನ್ನೆಲ್ಲ ಅದೇ ಗುಂಪಿನಲ್ಲಿ ಎಣಿಸುವುದು; "ಮಾಡಿಫೈಡ್" ಅಂದರೆ ಯಾರನ್ನೋ ಬಿಟ್ಟಿದ್ದಾರೆ ಅಂತ ಅರ್ಥ. ಯಾರನ್ನು, ಯಾವ ಗುಂಪಿನಿಂದ ಎಷ್ಟು ಅಂತ ಫ್ಲೋ ಚಾರ್ಟ್ ನೋಡಿ ಬರೆಯಿರಿ. ನಿಯಮದಂತೆ ಚಿಕಿತ್ಸೆ ಪಡೆದವರನ್ನು ಮಾತ್ರ ಎಣಿಸುವ ಪರ್ ಪ್ರೋಟೋಕಾಲ್ ವಿಶ್ಲೇಷಣೆಯಲ್ಲೂ ಫಲಿತಾಂಶ ಹಾಗೇ ನಿಂತಿದೆ, ಅದು ಧೈರ್ಯ ಕೊಡುವ ವಿಷಯ.

ಈಗ ಲಾಭದ ಗಾತ್ರ. ಡಾಕ್ಸಿಗೆ ಹೋಲಿಸಿದರೆ ವ್ಯತ್ಯಾಸ 13.3 ಪರ್ಸೆಂಟೇಜ್ ಪಾಯಿಂಟ್. ನೂರನ್ನು ಇದರಿಂದ ಭಾಗಿಸಿದರೆ ಸುಮಾರು 8. ಎಂಟು ಜನಕ್ಕೆ ಎರಡೂ ಔಷಧ ಕೊಟ್ಟರೆ ಒಬ್ಬರಿಗೆ ಆ ಮೂರರಲ್ಲಿ ಒಂದು ತಪ್ಪುತ್ತದೆ. 95% ಕಾನ್ಫಿಡೆನ್ಸ್ ಇಂಟರ್ವಲ್ 5.1ರಿಂದ 21.6. ಹಾಗಾಗಿ ಆ ಎಂಟು ಐದೂ ಇರಬಹುದು, ಇಪ್ಪತ್ತೂ ಇರಬಹುದು. ಬರೀ ಪಿ ವ್ಯಾಲ್ಯೂ ಬರೆದರೆ ಇದು ಓದುವವರಿಗೆ ಕಾಣುವುದೇ ಇಲ್ಲ.

ಅನ್ವಯದ ಭಾಗಕ್ಕೆ "ಭಾರತದ ಟ್ರಯಲ್, ಆದ್ದರಿಂದ ನಮಗೆ ಅನ್ವಯಿಸುತ್ತದೆ" ಅನ್ನುವ ಒಂದು ಸಾಲು ಸಾಲದು. ಹೊಸನಗರದ ಕಡೆಯಿಂದ ಮೂರು ದಿನದ ಜ್ವರ ಅಂತ ತಾಲ್ಲೂಕು ಆಸ್ಪತ್ರೆಗೆ ಬಂದ ಅಡಿಕೆ ತೋಟದ ಕೆಲಸದವರೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಯೋಚಿಸಿ. ಅವರು ನಡೆದೇ ಬಂದಿದ್ದಾರೆ, ಬಿಪಿ ಸರಿಯಿದೆ, ಉಸಿರು ಸರಿಯಿದೆ. ಟ್ರಯಲ್‌ನಲ್ಲಿ ಇಂಥವರು ಇರಲೇ ಇಲ್ಲ. ಅಲ್ಲಿದ್ದವರಲ್ಲಿ 62% ಜನಕ್ಕೆ ಉಸಿರಾಟದ ತೊಂದರೆ ಇತ್ತು. ಇವರಿಗೆ ಎರಡು ಔಷಧ ಕೊಡಲು ಈ ಟ್ರಯಲ್ ಆಧಾರವಾಗದು.

ಇನ್ನೊಂದು, ಟ್ರಯಲ್‌ನಲ್ಲಿದ್ದವರಿಗೆ ಸ್ಕ್ರಬ್ ಟೈಫಸ್ ಅಂತ ಖಚಿತವಾಗಿತ್ತು. ನಮ್ಮಲ್ಲಿ ಮೊದಲ ದಿನ ಇರುವುದು ಅನುಮಾನ ಮಾತ್ರ. ಇಲಿಜ್ವರ, ಡೆಂಗಿ, ಚಳಿಗಾಲದಿಂದ ಬೇಸಿಗೆಯವರೆಗೆ ಮಂಗನ ಕಾಯಿಲೆ, ಎಲ್ಲವೂ ಸಾಲಿನಲ್ಲಿವೆ. ಡಾಕ್ಸಿ ಇಲಿಜ್ವರಕ್ಕೂ ಕೆಲಸ ಮಾಡುತ್ತದೆ. ಮಂಗನ ಕಾಯಿಲೆ ವೈರಸ್‌ನಿಂದ ಬರುವುದು, ಅದಕ್ಕೆ ಈ ಎರಡೂ ಔಷಧದಿಂದ ಉಪಯೋಗವಿಲ್ಲ. ಅನುಮಾನದ ಮೇಲೆ ಕೊಡುತ್ತಾ ಹೋದರೆ ಬೇರೆ ಕಾಯಿಲೆಯವರೂ ಸೇರುತ್ತಾರೆ, ಆಗ ಎಂಟಕ್ಕೆ ಒಬ್ಬರು ಅನ್ನುವ ಲೆಕ್ಕ ಉಳಿಯುವುದಿಲ್ಲ.

ಅದೇ ವ್ಯಕ್ತಿ ಎರಡು ದಿನ ಬಿಟ್ಟು ಏದುಸಿರು ಬಿಡುತ್ತಾ ಬಂದು, ಕಂಕುಳಲ್ಲೋ ಸೊಂಟದಲ್ಲೋ ನುಸಿ ಕಚ್ಚಿದ ಕಪ್ಪು ಹಕ್ಕಳೆ ಕಂಡು, ರಕ್ತದ ಐಜಿಎಂ ಎಲೈಸಾ ಪರೀಕ್ಷೆ ಪಾಸಿಟಿವ್ ಬಂದರೆ ಅವರು ಟ್ರಯಲ್‌ನವರಂತೆಯೇ ಆದರು. ಆಗ ಕೇಳಬೇಕಾದ್ದು ಆ ಆಸ್ಪತ್ರೆಯ ಫಾರ್ಮಸಿಯಲ್ಲಿ ನರದ ಮೂಲಕ ಕೊಡುವ ಡಾಕ್ಸಿಸೈಕ್ಲಿನ್ ಇದೆಯೇ ಅಂತ. ಇಲ್ಲದಿದ್ದರೆ ಮಾತ್ರೆಯಲ್ಲೂ ಇದೇ ಫಲ ಸಿಗುತ್ತದೆ ಅಂತ ಈ ಟ್ರಯಲ್‌ನ ಹೆಸರಲ್ಲಿ ಬರೆಯುವ ಹಾಗಿಲ್ಲ.