ಬಾಗಿಲ ತಿರುಗಣಿಯಲ್ಲಿ ತೆರೆದುಕೊಳ್ಳುವ ವಾಕ್ಯ

ಪಾತ್ರದ ಮನಸ್ಸಿನ ಹರಿವನ್ನೇ ಕಥನವಾಗಿಸುವ ಪ್ರಜ್ಞಾಪ್ರವಾಹ ತಂತ್ರವೆಂದರೆ ವಿರಾಮಚಿಹ್ನೆಗಳನ್ನು ಕಿತ್ತೊಗೆದು, ವ್ಯಾಕರಣವನ್ನು ಗಾಳಿಗೆ ತೂರಿ ಬರೆಯುವುದು ಎಂಬ ನಂಬಿಕೆ ಪದವಿ ತರಗತಿಗಳಲ್ಲಿ ಬಲವಾಗಿ ಬೇರೂರಿದೆ. ಜೇಮ್ಸ್ ಜಾಯ್ಸ್‌ನ 'ಯುಲಿಸಿಸ್' (1922) ಕಾದಂಬರಿಯ ಕೊನೆಯ ಅಧ್ಯಾಯ ಬಹುತೇಕ ವಿರಾಮಚಿಹ್ನೆಗಳಿಲ್ಲದೆ ಹರಿಯುತ್ತದೆ ಎಂಬುದು ನಿಜ. ಆ ಒಂದು ಅಧ್ಯಾಯವನ್ನೇ ಇಡೀ ತಂತ್ರದ ಲಕ್ಷಣವೆಂದು ಹಿಡಿದದ್ದರಿಂದ ಈ ತಪ್ಪು ಹುಟ್ಟಿರಬೇಕು. ವರ್ಜೀನಿಯಾ ವುಲ್ಫ್‌ಳ 'ಮಿಸೆಸ್ ಡ್ಯಾಲೊವೇ' (1925) ಕಾದಂಬರಿಯ ಮೊದಲ ಪುಟದಲ್ಲಿ ಅರ್ಧವಿರಾಮಗಳೂ ಇವೆ, ಆವರಣಚಿಹ್ನೆಗಳೂ ಇವೆ, ಆದರೂ ಮನಸ್ಸು ಅಲ್ಲಿ ಹರಿಯುತ್ತದೆ.

ಪ್ರಜ್ಞೆಯನ್ನು ಪ್ರವಾಹವಾಗಿ ಕಾಣುವ ಈ ರೂಪಕ ಹೆಸರಾದದ್ದು ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್‌ನಿಂದ. 1890ರ ತನ್ನ ಗ್ರಂಥದಲ್ಲಿ ಆತ ಆಲೋಚನೆಯನ್ನು ಹಕ್ಕಿಯ ಬದುಕಿಗೆ ಹೋಲಿಸಿದ: ಅದು ಸ್ವಲ್ಪ ಹೊತ್ತು ಕೊಂಬೆಯ ಮೇಲೆ ಕೂರುತ್ತದೆ, ಸ್ವಲ್ಪ ಹೊತ್ತು ಹಾರುತ್ತದೆ. ನಾವು ಗಮನಿಸುವುದು ಕೂತ ಗಳಿಗೆಗಳನ್ನು ಮಾತ್ರ. ಆದರೆ ನೀಲಿ ಬಣ್ಣದ ಅನುಭವ ಇರುವಂತೆಯೇ 'ಮತ್ತು' ಎಂಬುದರ, 'ಆದರೆ' ಎಂಬುದರ ಅನುಭವವೂ ಇದೆ ಎಂದು ಆತ ವಾದಿಸಿದ. ವ್ಯಾಕರಣದ ಪಾಠದಲ್ಲಿ ನಾವು ಅವ್ಯಯಗಳೆಂದು ಬದಿಗೆ ಸರಿಸುವ ಪದಗಳಿಗೆ ಇಷ್ಟು ದೊಡ್ಡ ಗೌರವ ಬೇರೆಲ್ಲಿ ಸಿಕ್ಕೀತು!

ವುಲ್ಫ್‌ಳ ಆರಂಭ ಹೀಗಿದೆ. ಹೂವುಗಳನ್ನು ತಾನೇ ಕೊಳ್ಳುವುದಾಗಿ ಮಿಸೆಸ್ ಡ್ಯಾಲೊವೇ ಹೇಳಿದಳು. ಏಕೆಂದರೆ ಕೆಲಸದಾಕೆ ಲೂಸಿಗೆ ಕೈತುಂಬ ಕೆಲಸವಿತ್ತು. ಬಾಗಿಲುಗಳನ್ನು ತಿರುಗಣಿಗಳಿಂದ ಕಳಚಬೇಕಿತ್ತು. ಅದಕ್ಕೆ ಆಳುಗಳು ಬರುವವರಿದ್ದರು. ಮೊದಲ ವಾಕ್ಯದಲ್ಲಿ 'ಹೇಳಿದಳು' ಎನ್ನುವ ನಿರೂಪಕಿ ಇದ್ದಾಳೆ. ಎರಡನೆಯದರಲ್ಲಿ 'ಹೇಳಿದಳು', 'ಎಂದುಕೊಂಡಳು' ಯಾವುದೂ ಇಲ್ಲ. ಹಾಗಾದರೆ ಲೂಸಿಯ ಕೆಲಸದ ಬಗ್ಗೆ ಯೋಚಿಸುತ್ತಿರುವವರು ಯಾರು? ಇದಕ್ಕೊಂದು ಸುಲಭ ಪರೀಕ್ಷೆ ಇದೆ: ಭೂತಕಾಲವನ್ನು ವರ್ತಮಾನಕ್ಕೆ, 'ಅವಳು' ಎಂಬುದನ್ನು 'ನಾನು' ಎಂಬುದಕ್ಕೆ ಬದಲಿಸಿ ಓದಬೇಕು. 'ಲೂಸಿಗೆ ಕೈತುಂಬ ಕೆಲಸವಿದೆ, ಬಾಗಿಲು ಕಳಚಬೇಕು, ಆಳುಗಳು ಬರುತ್ತಾರೆ' ಎಂದಾಗ ಮನೆಯ ಒಡತಿಯೊಬ್ಬಳ ಮನಸ್ಸಿನ ಮಾತು ಯಥಾವತ್ತಾಗಿ ಕೇಳಿಸುತ್ತದೆ. ಅಂದರೆ ನಿರೂಪಕಿಯ ಕಾಲ ಮತ್ತು ಸರ್ವನಾಮದ ಉಡುಪನ್ನು ತೊಟ್ಟು ಪಾತ್ರವೇ ಯೋಚಿಸುತ್ತಿದೆ. ಮುಕ್ತ ಪರೋಕ್ಷ ಕಥನ ಎನ್ನುವುದು ಇದನ್ನೇ.

ಮುಂದೆ ಮಿಸೆಸ್ ಡ್ಯಾಲೊವೇ, ಅಂದರೆ ಕ್ಲಾರಿಸ್ಸಾ, ಬೆಳಗಿನ ತಾಜಾತನಕ್ಕೆ ಮರುಳಾಗುತ್ತಾಳೆ. ಮರುಗಳಿಗೆಗೆ ಬೋರ್ಟನ್‌ನ ಹಳ್ಳಿಮನೆಯಲ್ಲಿ ಹದಿನೆಂಟರ ಹುಡುಗಿಯಾಗಿ ಗಾಜಿನ ಬಾಗಿಲನ್ನು ತಳ್ಳಿ ಹೊರಗಾಳಿಗೆ ಧುಮುಕಿದ್ದು ನೆನಪಾಗುತ್ತದೆ. ಈ ಜಿಗಿತಕ್ಕೆ ಸೇತುವೆ ಯಾವುದು? ತಿರುಗಣಿ. ಲಂಡನ್ನಿನ ಮನೆಯಲ್ಲಿ ಕಳಚಬೇಕಾದ ತಿರುಗಣಿ, ಬೋರ್ಟನ್ನಿನಲ್ಲಿ ಕಿರುಗುಟ್ಟಿದ ತಿರುಗಣಿಯನ್ನು ಎಳೆದು ತಂದಿದೆ. ಆ ಸದ್ದು ಅವಳಿಗೆ 'ಈಗ' ಕೇಳಿಸುತ್ತಿತ್ತು ಎಂದು ವುಲ್ಫ್ ಬರೆಯುತ್ತಾಳೆ. 'ಈಗ' ಮತ್ತು ಭೂತಕಾಲ ಒಂದೇ ಉಸಿರಿನಲ್ಲಿ ಬಂದಿವೆ. ಈ ವಾಕ್ಯವೂ 'ಏಕೆಂದರೆ' ಎಂದೇ ಶುರುವಾಗುತ್ತದೆ, ಆದರೆ ಲೂಸಿಯ 'ಏಕೆಂದರೆ'ಯಂತೆ ಅದು ಕಾರಣವನ್ನು ಹೇಳುವುದಿಲ್ಲ. ಹಳಿ ಬದಲಿಸುವ ಸನ್ನೆಗೋಲಿನಂತೆ ಇಡೀ ಬಂಡಿಯನ್ನು ಸದ್ದಿಲ್ಲದೆ ಬೇರೆ ದಾರಿಗೆ ತಿರುಗಿಸುತ್ತದೆ. ಜೇಮ್ಸ್‌ನ ಹಕ್ಕಿ ಹಾರುವುದು ಇಲ್ಲಿಯೇ.

ಅದರ ಮುಂದಿನ ಉದ್ದನೆಯ ವಾಕ್ಯವನ್ನು ಬಿಡಿಸಿ ನೋಡಿದರೆ ರಚನೆ ವಿಚಿತ್ರವಾಗಿದೆ. ಗಾಳಿ ಎಷ್ಟು ತಾಜಾ, ಎಷ್ಟು ಶಾಂತವಾಗಿತ್ತು ಎಂಬ ಮುಖ್ಯ ವಾಕ್ಯ ಆರಂಭದಲ್ಲೇ ಮುಗಿದುಹೋಗುತ್ತದೆ. ಅಲೆಯ ಬಡಿತದಂತೆ, ಅಲೆಯ ಚುಂಬನದಂತೆ ಎಂಬ ಹೋಲಿಕೆಗಳು ಅರ್ಧವಿರಾಮಗಳ ಮೇಲೆ ಏರಿಳಿಯುತ್ತವೆ. ಬಳಿಕ ಬರುವುದೆಲ್ಲ 'ನಿಂತು', 'ನೋಡುತ್ತಾ' ಎನ್ನುವಂಥ ರೂಪಗಳು. ಹೊಸ ಮುಖ್ಯ ಕ್ರಿಯಾಪದ ಬರುವುದೇ ಇಲ್ಲ. ವ್ಯಾಕರಣದ ಲೆಕ್ಕದಲ್ಲಿ ಕರ್ತೃಪದ 'ಗಾಳಿ', ಆದರೆ ನಿಂತು ನೋಡುತ್ತಿರುವವಳು ಕ್ಲಾರಿಸ್ಸಾ. ಕಟ್ಟುನಿಟ್ಟಿನ ಮೇಷ್ಟರಾದರೆ ಕೆಂಪು ಗೆರೆ ಎಳೆದಾರು. ಗಾಳಿಯಿಂದ ಅವಳಿಗೆ ಗಮನ ಜಾರಿದ್ದು ಓದುಗನಿಗೆ ಗೊತ್ತೇ ಆಗುವುದಿಲ್ಲ. ಕನ್ನಡಕ್ಕೆ ತರುವಾಗ ತೊಡಕಾಗುವುದೂ ಇಲ್ಲಿಯೇ: ನಮ್ಮ ಪೂರ್ಣ ಕ್ರಿಯಾಪದ ಕೊನೆಯಲ್ಲಿ ಬರುವುದರಿಂದ ಓದುಗ ಅದಕ್ಕಾಗಿ ಕಾಯುತ್ತಾನೆ, ಆದರೆ ಇಂಗ್ಲಿಷ್ ಓದುಗನಿಗೆ ಕಾಯಲು ಏನೂ ಉಳಿದಿರುವುದಿಲ್ಲ, ಅವನು ತೇಲುತ್ತಾನೆ.

ಮೇಲಿನ ಪರೀಕ್ಷೆಗೆ ಮಿತಿಯೂ ಇದೆ. 'ಆಗ ಹದಿನೆಂಟರ ಹುಡುಗಿಯಾಗಿದ್ದ ಅವಳಿಗೆ' ಎಂಬ ಮಾತು ಆವರಣದಲ್ಲಿದೆ. 'ಆಗ ಹುಡುಗಿಯಾಗಿದ್ದ ನನಗೆ' ಎಂದು ಬದಲಿಸಿದರೂ ಹೊಂದುತ್ತದೆ, ನಿರೂಪಕಿಯ ವಿವರಣೆ ಎಂದರೂ ಹೊಂದುತ್ತದೆ. ಹದಿನೆಂಟರ ಹುಡುಗಿಯಂತೂ ತನ್ನನ್ನು ಹಾಗೆ ದೂರದಿಂದ ನೋಡಿಕೊಳ್ಳಲಾರಳು ಎಂಬಷ್ಟು ಮಾತ್ರ ಖಚಿತ. ಐವತ್ತು ದಾಟಿದ ಕ್ಲಾರಿಸ್ಸಾ ನೋಡಿಕೊಂಡಾಳು.

ಕೊನೆಗೆ ಆ ತೇಲುವಿಕೆಯನ್ನು ತಡೆಯುವವನು ಅವಳ ಹಳೆಯ ಗೆಳೆಯ ಪೀಟರ್ ವಾಲ್ಷ್. ತರಕಾರಿಗಳ ನಡುವೆ ಧ್ಯಾನವೇ ಎಂದು ಆತ ಕೇಳುವವರೆಗೆ ಅವಳು ನಿಂತೇ ಇದ್ದಳು. ಆದರೆ ಆ ಉದ್ಧರಣೆಯ ಬೆನ್ನಿಗೇ, ಎರಡು ಅಡ್ಡಗೆರೆಗಳ ನಡುವೆ, 'ಅದೇ ಅಲ್ಲವೇ ಅವನಂದದ್ದು?' ಎಂಬ ಪ್ರಶ್ನೆ ತೂರಿಕೊಳ್ಳುತ್ತದೆ. ಮಾತು ಅಂದಿನದು, ಅನುಮಾನ ಇಂದಿನದು. ನಡುವಿನ ಮೂವತ್ತಕ್ಕೂ ಹೆಚ್ಚು ವರ್ಷಗಳಿಗೆ ವುಲ್ಫ್ ಖರ್ಚು ಮಾಡಿದ್ದು ಒಂದು ಗೆರೆಯನ್ನು.