ನಲವತ್ತು ಪಟ್ಟು ವೇಗದ ಕಾರ್ಡ್, ನಾಲ್ಕೂವರೆ ಪಟ್ಟು ಲಾಭ: ಆಮ್ಡಾಲ್ ನಿಯಮದ ಹಿನ್ನೆಲೆ

ಕೋಲಾರದ ಎಪಿಎಂಸಿಗೆ ಬರುವ ಟೊಮ್ಯಾಟೊದಲ್ಲಿ ದೂರದ ಊರಿಗೆ ಹೋಗಬೇಕಾದದ್ದು ಯಾವುದು, ಇಲ್ಲೇ ಖರ್ಚಾಗಬೇಕಾದದ್ದು ಯಾವುದು ಎಂಬುದನ್ನು ವ್ಯಾಪಾರಿ ಬಣ್ಣ ನೋಡಿ ಹೇಳುತ್ತಾನೆ. ಈ ಕೆಲಸವನ್ನು ಕಂಪ್ಯೂಟರಿನಿಂದ ಮಾಡಿಸಬೇಕೆಂದು ನಮ್ಮ ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟ್ ಹಾಕಿಕೊಂಡರು. ಹದಿನೈದು ಕೆ.ಜಿ. ಬಾಕ್ಸುಗಳನ್ನು ಮೇಲಿನಿಂದ ತೆಗೆದ 2,000 ಫೋಟೊಗಳು ಅವರ ಬಳಿ ಇದ್ದವು. ಪ್ರತಿ ಫೋಟೊದಲ್ಲಿ ಕೆಂಪು ಎಷ್ಟು, ಹಸಿರು ಎಷ್ಟು, ಕಲೆ ಎಷ್ಟು ಎಂದು ಅಳೆದು ಕೊನೆಗೆ ಒಂದು ವರದಿ ಬರೆಯುವ ಪ್ರೋಗ್ರಾಂ ಅದು. ಪ್ರಯೋಗಾಲಯದ ಹಳೆಯ ಕಂಪ್ಯೂಟರಿನಲ್ಲಿ ಅದಕ್ಕೆ ಹತ್ತು ನಿಮಿಷ, ಅಂದರೆ 600 ಸೆಕೆಂಡ್ ಹಿಡಿಯುತ್ತಿತ್ತು.

ಬಣ್ಣ ಮತ್ತು ಕಲೆ ಅಳೆಯುವ ಭಾಗವನ್ನು ಗ್ರಾಫಿಕ್ಸ್ ಕಾರ್ಡಿಗೆ ಹೊರಿಸಿದಾಗ ಆ ಭಾಗ 40 ಪಟ್ಟು ಬೇಗ ಮುಗಿಯಿತು. ಆದರೆ ಇಡೀ ಪ್ರೋಗ್ರಾಂ ಮುಗಿಯಲು 132 ಸೆಕೆಂಡ್ ಬೇಕಾಯಿತು. ಲಾಭ ನಾಲ್ಕೂವರೆ ಪಟ್ಟು ಮಾತ್ರ. ಕಾರ್ಡ್ ಕೆಟ್ಟಿದೆಯೇ ಎಂಬುದು ಅವರ ಮೊದಲ ಅನುಮಾನ. ಕಾರ್ಡಿನಲ್ಲಿ ಯಾವ ದೋಷವೂ ಇರಲಿಲ್ಲ. 1967ರಲ್ಲಿ ಒಬ್ಬ ಎಂಜಿನಿಯರ್ ಎತ್ತಿದ ತಕರಾರು ಇಲ್ಲಿ ಕಣ್ಣೆದುರಿಗೆ ನಿಂತಿತ್ತು, ಅಷ್ಟೆ.

ಮೊದಲು ಲೆಕ್ಕ ಬಿಡಿಸೋಣ. ಅಂಕಿಗಳನ್ನು ದುಂಡು ಮಾಡಿ ಕೊಡುತ್ತಿದ್ದೇನೆ. ಸಮಯ ಎಲ್ಲಿ ಕಳೆಯುತ್ತದೆ ಎಂದು ತಿಳಿಯಲು ಪೈಥಾನ್‌ನಲ್ಲಿ ಬೇರೆ ಸಾಧನವೇನೂ ಬೇಕಿಲ್ಲ:

```
python -m cProfile -s cumtime grade.py
```

ಇದು ಕೊಟ್ಟ ಪಟ್ಟಿಯನ್ನು ಕೂಡಿಸಿದರೆ ಮೂರು ಬಾಬತ್ತು ಸಿಗುತ್ತವೆ. ಫೋಟೊಗಳನ್ನು ಡಿಸ್ಕಿನಿಂದ ಓದಿ ಬಿಚ್ಚುವುದಕ್ಕೆ 90 ಸೆಕೆಂಡ್, ಬಣ್ಣ ಮತ್ತು ಕಲೆಯ ಲೆಕ್ಕಕ್ಕೆ 480 ಸೆಕೆಂಡ್, ವರದಿ ಬರೆಯುವುದಕ್ಕೆ 30 ಸೆಕೆಂಡ್. ಕಾರ್ಡಿಗೆ ಹೋದದ್ದು ನಡುವಿನ 480 ಮಾತ್ರ. ಚಿತ್ರಗಳನ್ನು ಕಾರ್ಡಿನ ಮೆಮೊರಿಗೆ ಸಾಗಿಸುವ ಸಮಯವೂ ಸೇರಿ ಅದು 12 ಸೆಕೆಂಡಿಗೆ ಇಳಿಯಿತು. ಉಳಿದ 90 ಮತ್ತು 30 ಇದ್ದಲ್ಲೇ ಇದ್ದವು. ಮೂರನ್ನೂ ಕೂಡಿಸಿದರೆ 132. 600ನ್ನು 132ರಿಂದ ಭಾಗಿಸಿದರೆ ಸುಮಾರು 4.5.

ಆಮ್ಡಾಲ್ ನಿಯಮ ಎಂದು ಕರೆಯುವ ಇದನ್ನು ಸೂತ್ರದ ರೂಪದಲ್ಲಿ ಹೀಗೆ ಬರೆಯುತ್ತಾರೆ:

```
S = 1 / ((1 - f) + f / k)
```

ಇಲ್ಲಿ `S` ಎಂದರೆ ಒಟ್ಟು ಲಾಭ ಎಷ್ಟು ಪಟ್ಟು ಎಂಬುದು. `f` ಎಂದರೆ ವೇಗ ಪಡೆದ ಭಾಗವು ಹಳೆಯ ಒಟ್ಟು ಸಮಯದಲ್ಲಿ ಹೊಂದಿದ್ದ ಪಾಲು; ನಮ್ಮಲ್ಲಿ 480/600, ಅಂದರೆ 0.8. `k` ಎಂದರೆ ಆ ಭಾಗ ಎಷ್ಟು ಪಟ್ಟು ಬೇಗವಾಯಿತು ಎಂಬುದು, ನಮ್ಮಲ್ಲಿ 40. `f` ಅನ್ನು ಪ್ರೋಗ್ರಾಮಿನ ಸಾಲುಗಳ ಎಣಿಕೆಯಿಂದ ಊಹಿಸುವವರಿದ್ದಾರೆ. ಅದು ನಡೆಯುವುದಿಲ್ಲ, ಹತ್ತು ಸಾಲಿನ ಒಂದು ಲೂಪ್ ಇಡೀ ಸಮಯವನ್ನು ನುಂಗಬಲ್ಲದು. ಹೊಸ ಯಂತ್ರದಲ್ಲಿ ಅಳೆದ ಪಾಲನ್ನು ಹಾಕುವುದೂ ತಪ್ಪು. 132 ಸೆಕೆಂಡಿನಲ್ಲಿ ಆ ಭಾಗದ ಪಾಲು ಕೇವಲ ಶೇ 9. ಅದನ್ನೇ `f` ಎಂದುಕೊಂಡರೆ ಉತ್ತರ ಪೂರ್ತಿ ಹಳಿ ತಪ್ಪುತ್ತದೆ.

ವಿದ್ಯಾರ್ಥಿಗಳು ಮೊದಲು ಮಾಡಿದ ಅಂದಾಜು ಬೇರೆಯೇ ಆಗಿತ್ತು. ಶೇ 80 ಭಾಗ 40 ಪಟ್ಟು, ಶೇ 20 ಭಾಗ ಒಂದು ಪಟ್ಟು. ಸರಾಸರಿ ತೆಗೆದರೆ 32 ಪಟ್ಟು ಬರಬೇಕಲ್ಲ ಎಂದರು. ವರ್ಷವರ್ಷವೂ ತರಗತಿಯಲ್ಲಿ ಯಾರಾದರೂ ಹೀಗೆ ಹೇಳಿಯೇ ಹೇಳುತ್ತಾರೆ. ಒಂದರ ನಂತರ ಒಂದು ನಡೆಯುವ ಕೆಲಸಗಳಲ್ಲಿ ಕೂಡುವುದು ಸಮಯ. ವೇಗಗಳನ್ನು ಹಾಗೆ ಕೂಡಿಸಿ ಸರಾಸರಿ ತೆಗೆಯುವಂತಿಲ್ಲ.

ಇನ್ನೂ ಒಳ್ಳೆಯ ಕಾರ್ಡ್ ತಂದರೆ? 40ರ ಬದಲು 80 ಪಟ್ಟು ಆದರೆ 12 ಸೆಕೆಂಡ್ 6 ಆಗುತ್ತದೆ, ಒಟ್ಟು 126. ಲಾಭ 4.5ರಿಂದ 4.8ಕ್ಕೆ ಏರುತ್ತದೆ. ಕಾರ್ಡ್ ಎಣೆಯಿಲ್ಲದಷ್ಟು ವೇಗದ್ದಾಗಿ ಲೆಕ್ಕದ ಸಮಯ ಸೊನ್ನೆಯೇ ಆಯಿತೆನ್ನಿ. ಆಗಲೂ ಓದುವ ಮತ್ತು ಬರೆಯುವ 120 ಸೆಕೆಂಡ್ ಉಳಿಯುತ್ತದೆ. 600/120, ಅಂದರೆ 5 ಪಟ್ಟು. `k` ಬೆಳೆದಂತೆ `f / k` ಸೊನ್ನೆಯತ್ತ ಜಾರಿ `S` ತಲುಪುವ ಮಿತಿ `1 / (1 - f)`. ಮಿತಿಯನ್ನು ನಿರ್ಧರಿಸುವುದು ನಾವು ಮುಟ್ಟದೆ ಬಿಟ್ಟ ಭಾಗ.

ಈ ಮಿತಿಗಿಂತಲೂ ನನಗೆ ಹೆಚ್ಚು ಉಪಯುಕ್ತವೆನಿಸುವುದು ಅದನ್ನು ಸಮೀಪಿಸುವ ರೀತಿ. `k` ಕೇವಲ 4 ಆಗಿದ್ದರೂ 480 ಸೆಕೆಂಡ್ 120ಕ್ಕೆ ಇಳಿದು ಒಟ್ಟು 240 ಆಗುತ್ತಿತ್ತು, ಲಾಭ ಎರಡೂವರೆ ಪಟ್ಟು. ಅಂದರೆ ಐದರ ಮಿತಿಯಲ್ಲಿ ಅರ್ಧ ಮೊದಲ ನಾಲ್ಕು ಪಟ್ಟಿಗೇ ಕೈಗೆ ಬಂದಿರುತ್ತದೆ. ಯಾವ ಪ್ರೋಗ್ರಾಮಿಗೂ ಅರ್ಧದ ಆ ಬಿಂದು `k = f / (1 - f)` ಆದಾಗ ಬರುತ್ತದೆ, ಅಂದರೆ ವೇಗ ಪಡೆದ ಭಾಗ ಮತ್ತು ಪಡೆಯದ ಭಾಗದ ಸಮಯ ಸಮಸಮವಾದಾಗ. ಅದನ್ನು ದಾಟಿದ ಮೇಲೆ ಹಾರ್ಡ್‌ವೇರಿಗೆ ಸುರಿಯುವ ಹಣ ಎಲ್ಲಿಗೆ ಹೋಗುತ್ತಿದೆ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಈ ವಾದ ಹುಟ್ಟಿದ್ದು 1967ರ ಏಪ್ರಿಲ್‌ನಲ್ಲಿ, ಅಮೆರಿಕದ ಅಟ್ಲಾಂಟಿಕ್ ಸಿಟಿಯ ಸ್ಪ್ರಿಂಗ್ ಜಾಯಿಂಟ್ ಕಂಪ್ಯೂಟರ್ ಕಾನ್ಫರೆನ್ಸ್‌ನಲ್ಲಿ. ಮಾಡಿದವರು ಜೀನ್ ಆಮ್ಡಾಲ್. ಐಬಿಎಂನ 704 ಯಂತ್ರದ ವಿನ್ಯಾಸದಲ್ಲಿ ಮುಖ್ಯ ಪಾತ್ರ ವಹಿಸಿದ್ದ ಅವರು 1964ರಲ್ಲಿ ಘೋಷಣೆಯಾದ ಸಿಸ್ಟಂ/360ರ ಮುಖ್ಯ ವಿನ್ಯಾಸಕಾರರಲ್ಲಿ ಒಬ್ಬರು. ಒಂದೇ ಪ್ರೊಸೆಸರಿನ ಕಾಲ ಮುಗಿಯಿತು, ಮುಂದಿನದು ಅನೇಕ ಪ್ರೊಸೆಸರುಗಳನ್ನು ಸೇರಿಸಿದ ಯಂತ್ರಗಳದ್ದೇ ಎಂಬ ಮಾತು ಆಗಲೇ ಬಲವಾಗಿ ಕೇಳಿಬರುತ್ತಿತ್ತು. ಅದೇ ಸಭೆಯಲ್ಲಿ ಆ ಪಕ್ಷದ ಪರವಾಗಿ ಮಾತನಾಡಿದವರು ಇಲಿನಾಯ್ ವಿಶ್ವವಿದ್ಯಾಲಯದ ಡೇನಿಯಲ್ ಸ್ಲಾಟ್ನಿಕ್. 256 ಲೆಕ್ಕದ ಘಟಕಗಳು ಒಟ್ಟಿಗೆ ದುಡಿಯುವ ಇಲಿಯಾಕ್ 4 ಅವರ ಯೋಜನೆ.

ಆಮ್ಡಾಲ್ ಪ್ರಬಂಧ ಮೂರೇ ಪುಟದ್ದು. ಸೋಜಿಗವೆಂದರೆ, ಅವರ ಹೆಸರು ಹೊತ್ತ ಸೂತ್ರ ಅದರಲ್ಲಿ ಇಲ್ಲ. ಇರುವುದು ಅನುಭವದಿಂದ ಬಂದ ಒಂದು ಅಂಕಿ: ಯಂತ್ರ ನಡೆಸುವ ಆದೇಶಗಳಲ್ಲಿ ಸುಮಾರು ಶೇ 40 ದತ್ತಾಂಶವನ್ನು ಹೊಂದಿಸುವ, ಎತ್ತಿಡುವ ಚಾಕರಿಗೇ ಹೋಗುತ್ತದೆ, ಮತ್ತು ಈ ಪಾಲು ಹತ್ತು ವರ್ಷಗಳಿಂದ ಹೆಚ್ಚೇನೂ ಬದಲಾಗಿಲ್ಲ. ಒಂದೇ ಕೆಲಸಕ್ಕೆ ಮೀಸಲಾದ ವಿಶೇಷ ಯಂತ್ರದಲ್ಲಿ ಇದನ್ನು ಅರ್ಧಕ್ಕೆ ಇಳಿಸಬಹುದೇನೋ, ಮೂರನೇ ಒಂದಕ್ಕೆ ಇಳಿಸುವುದು ಬಹಳ ಕಷ್ಟ ಎಂದು ಅವರು ಬರೆದರು. ಈ ಚಾಕರಿ ಸಾಲಾಗಿ ನಡೆಯುವಂಥದ್ದು, ಹಂಚಿಕೊಳ್ಳಲು ಬರುವುದಿಲ್ಲ. ಹಾಗಾಗಿ ಅದೊಂದರಿಂದಲೇ ಒಟ್ಟು ಲಾಭಕ್ಕೆ ಐದರಿಂದ ಏಳು ಪಟ್ಟಿನ ಮೇಲ್ಮಿತಿ ಬೀಳುತ್ತದೆ ಎಂಬುದು ಅವರ ತೀರ್ಮಾನ. ಮೇಲಿನ ಸೂತ್ರದಿಂದ ಎಣಿಸಿದರೆ ಅಂಕಿ ಹೊಂದುತ್ತದೆ: ಶೇ 40ರ ಅರ್ಧ ಶೇ 20, ಅದರ ಮಿತಿ 5, ಮೂರನೇ ಒಂದು ಸುಮಾರು ಶೇ 13, ಅದರ ಮಿತಿ ಏಳೂವರೆ. ನಮ್ಮ ಟೊಮ್ಯಾಟೊ ಪ್ರೋಗ್ರಾಮಿನಲ್ಲಿ ಫೈಲು ಓದಿ ಬರೆಯುವ ಚಾಕರಿ ಅದೇ ಶೇ 20ಕ್ಕೆ ನಿಂತದ್ದು ಕಾಕತಾಳೀಯ.

ಐಬಿಎಂನ ಮನುಷ್ಯ ಐಬಿಎಂ ಮಾರುತ್ತಿದ್ದ ಬಗೆಯ ಯಂತ್ರದ ಪರ ವಾದಿಸಿದರು ಎಂದು ಮೂಗು ಮುರಿಯಬಹುದು. ಆದರೆ ಮುಂದಿನ ಕೆಲವು ವರ್ಷ ಅವರ ಕಡೆಗೇ ವಾಲಿದವು. ಇಲಿಯಾಕ್ 4ರ 256 ಘಟಕಗಳಲ್ಲಿ ಕಟ್ಟಿದ್ದು 64 ಮಾತ್ರ. 1972ರಲ್ಲಿ ನಾಸಾದ ಏಮ್ಸ್ ಕೇಂದ್ರಕ್ಕೆ ಬಂದ ಆ ಯಂತ್ರ ನೆಚ್ಚಿಕೊಳ್ಳುವ ಸ್ಥಿತಿಗೆ ಬರಲು ಇನ್ನೂ ಮೂರು ವರ್ಷ ಹಿಡಿಯಿತು. ವಾದ ಸೂತ್ರದ ರೂಪಕ್ಕೆ ಬಂದು ಪಠ್ಯಪುಸ್ತಕ ಸೇರಿದ್ದು ಇತರರ ಕೈಯಲ್ಲಿ. ಅಷ್ಟರಲ್ಲಿ ಸಾವಿರ ಪ್ರೊಸೆಸರುಗಳ ಯಂತ್ರ ಎಂದರೆ ಹಣ ಪೋಲು ಎಂಬ ಅಭಿಪ್ರಾಯ ಗಟ್ಟಿಯಾಯಿತು. 1985ರಲ್ಲಿ ಅಲನ್ ಕಾರ್ಪ್ ಎಂಬುವರು, ನಿಜವಾದ ಮೂರು ಪ್ರೋಗ್ರಾಮುಗಳಲ್ಲಿ 200 ಪಟ್ಟು ಲಾಭ ತೋರಿಸಿದವರಿಗೆ 100 ಡಾಲರ್ ಕೊಡುವುದಾಗಿ ಸವಾಲು ಹಾಕಿದರು. ಬಹುಮಾನದ ಮೊತ್ತವೇ ಹೇಳುತ್ತದೆ, ಯಾರಾದರೂ ಗೆಲ್ಲುತ್ತಾರೆಂಬ ನಂಬಿಕೆ ಅವರಿಗೆ ಎಷ್ಟಿತ್ತೆಂದು.

ಮೂರೇ ವರ್ಷದಲ್ಲಿ ಉತ್ತರ ಬಂತು. ಸ್ಯಾಂಡಿಯಾ ಪ್ರಯೋಗಾಲಯದ ಜಾನ್ ಗಸ್ಟಾಫ್ಸನ್ ಮತ್ತು ಸಂಗಡಿಗರು 1,024 ಪ್ರೊಸೆಸರುಗಳ ಎನ್‌ಕ್ಯೂಬ್ ಯಂತ್ರದಲ್ಲಿ ಮೂರು ವೈಜ್ಞಾನಿಕ ಪ್ರೋಗ್ರಾಮುಗಳಿಗೆ 1,000 ಪಟ್ಟಿಗೂ ಮೀರಿದ ಲಾಭ ತೋರಿಸಿದರು. ಸೂತ್ರ ಸುಳ್ಳಾಯಿತೇ? ಇಲ್ಲ. ಅವರು ಬದಲಿಸಿದ್ದು ಪ್ರಶ್ನೆಯನ್ನು. ದೊಡ್ಡ ಯಂತ್ರ ಸಿಕ್ಕಾಗ ಯಾರೂ ಅದೇ ಸಣ್ಣ ಲೆಕ್ಕವನ್ನು ಬೇಗ ಮುಗಿಸಿ ಕೈಕಟ್ಟಿ ಕೂರುವುದಿಲ್ಲ. ಅಷ್ಟೇ ಸಮಯದಲ್ಲಿ ಇನ್ನೂ ದೊಡ್ಡ, ಇನ್ನೂ ಸೂಕ್ಷ್ಮ ಲೆಕ್ಕ ಮಾಡುತ್ತಾರೆ. ಹಾಗೆ ಮಾಡಿದಾಗ ಹಂಚಬಹುದಾದ ಕೆಲಸ ಬೆಳೆಯುತ್ತದೆ, ಹಂಚಲಾಗದ ಚಾಕರಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, `f` ತಾನಾಗಿಯೇ ಒಂದರತ್ತ ಸರಿಯುತ್ತದೆ.

ಈ ಮಾತನ್ನು ಎಲ್ಲೆಂದರಲ್ಲಿ ಅನ್ವಯಿಸುವವರನ್ನು ಕಂಡರೆ ನನಗೆ ಅಸಮಾಧಾನ. ಟೊಮ್ಯಾಟೊ ಪ್ರೋಗ್ರಾಮಿಗೆ 2,000ದ ಬದಲು 20,000 ಫೋಟೊ ಕೊಟ್ಟರೆ ಕೆಲಸ ದೊಡ್ಡದಾಯಿತು ನಿಜ, ಆದರೆ ಓದುವ ಮತ್ತು ಬರೆಯುವ ಸಮಯವೂ ಹತ್ತು ಪಟ್ಟಾಯಿತು. `f` ಇದ್ದಲ್ಲೇ ಇರುತ್ತದೆ, ಲಾಭ ನಾಲ್ಕೂವರೆಯನ್ನು ದಾಟುವುದಿಲ್ಲ. ಬದಲಿಗೆ ಫೋಟೊಗಳು ಅವೇ 2,000 ಇರಲಿ, ಪ್ರತಿಯೊಂದರಲ್ಲೂ ಹಣ್ಣುಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆಯುವ ಹತ್ತು ಪಟ್ಟು ಭಾರದ ಲೆಕ್ಕ ಹಾಕೋಣ. ಕಾರ್ಡ್ ಇಲ್ಲದೆ 4,800 ಮತ್ತು 120 ಸೇರಿ 4,920 ಸೆಕೆಂಡ್. ಕಾರ್ಡ್ ಇದ್ದರೆ 120 ಮತ್ತು 120, ಒಟ್ಟು 240. ಅದೇ ಕಾರ್ಡ್, ಅದೇ 40 ಪಟ್ಟು, ಲಾಭ ಮಾತ್ರ ಇಪ್ಪತ್ತು ಪಟ್ಟಿಗೂ ಹೆಚ್ಚು. ಹಿಂದೆ ಎಂಬತ್ತು ನಿಮಿಷ ಕಾಯಬೇಕೆಂದು ಕೈಬಿಟ್ಟಿದ್ದ ಲೆಕ್ಕ ಈಗ ನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ. ಕೆಲಸ ಯಾವ ದಿಕ್ಕಿನಲ್ಲಿ ಬೆಳೆಯುತ್ತಿದೆ ಎಂದು ನೋಡದೆ ಗಸ್ಟಾಫ್ಸನ್ ಹೆಸರು ಹೇಳಿದರೆ ಪ್ರಯೋಜನವಿಲ್ಲ.

ನಮ್ಮ ವಿದ್ಯಾರ್ಥಿಗಳು ಮುಂದೆ ಕೈಹಾಕಿದ್ದು ಓದುವ 90 ಸೆಕೆಂಡಿಗೆ. ಒಂದು ಫೋಟೊ ಬಿಚ್ಚಲು ಇನ್ನೊಂದು ಮುಗಿಯಲೆಂದು ಕಾಯಬೇಕಿಲ್ಲವಾದ್ದರಿಂದ ಅದನ್ನು ನಾಲ್ಕು ಕೋರ್‌ಗಳಿಗೆ ಹಂಚಿದರು. 90 ಸೆಕೆಂಡ್ 28 ಆಯಿತು, ಒಟ್ಟು 70, ಲಾಭ ಎಂಟೂವರೆ ಪಟ್ಟು. ಹೊಸ ಕಾರ್ಡ್ ಕೊಟ್ಟೀತೆಂದು ಆಸೆಪಟ್ಟದ್ದಕ್ಕಿಂತ ಇದು ಎಷ್ಟೋ ಹೆಚ್ಚು, ಖರ್ಚು ಸೊನ್ನೆ. ಎಂಟು ಕೋರ್‌ಗಳಿಗೆ ಹಂಚಿದಾಗ ಮಾತ್ರ 28 ಇಳಿದದ್ದು 22ಕ್ಕೆ.

ಇಲ್ಲಿ ಉಳಿದಿರುವುದು ಹಂಚಲಾರದ ಕೆಲಸವೋ, ಹಂಚಿದ್ದರಿಂದಲೇ ಹುಟ್ಟಿದ ತೊಡಕೋ? ಇದನ್ನು ತಿಳಿಯುವ ದಾರಿಯನ್ನು ಅದೇ ಅಲನ್ ಕಾರ್ಪ್, ಹೊರೇಸ್ ಫ್ಲಾಟ್ ಜೊತೆಗೂಡಿ 1990ರಲ್ಲಿ ಕೊಟ್ಟರು. ಸೂತ್ರವನ್ನು ತಿರುಗಿಸಿ, ಅಳೆದ ಲಾಭ `S` ಮತ್ತು ಪ್ರೊಸೆಸರುಗಳ ಸಂಖ್ಯೆ `p`ಯಿಂದ ಹಂಚಿಕೆಯಾಗದ ಪಾಲನ್ನು ಹೊರತೆಗೆಯುವುದು:

```
e = (1/S - 1/p) / (1 - 1/p)
```

ನಾಲ್ಕು ಕೋರ್‌ಗಳಲ್ಲಿ ಓದುವ ಭಾಗದ ಲಾಭ 90/28, ಅದರಿಂದ `e` ಸುಮಾರು 0.08. ಎಂಟರಲ್ಲಿ 90/22, ಅದರಿಂದ `e` ಸುಮಾರು 0.14. ಹಂಚಲಾಗದ ಕೆಲಸವೇ ಕಾರಣವಾಗಿದ್ದರೆ ಎರಡೂ ಒಂದೇ ಇರಬೇಕಿತ್ತು. `p` ಜೊತೆ `e` ಏರಿದರೆ ಕೋರ್‌ಗಳು ಯಾವುದಕ್ಕೋ ಒಂದಕ್ಕೊಂದು ಅಡ್ಡ ಬರುತ್ತಿವೆ ಎಂದರ್ಥ. ಫೋಟೊಗಳು ಇದ್ದದ್ದು ಹಳೆಯ ಹಾರ್ಡ್ ಡಿಸ್ಕಿನಲ್ಲಿ. ಎಂಟು ಕಡೆಯಿಂದ ಒಟ್ಟಿಗೆ ಕೇಳಿದಾಗ ಅದರ ಹೆಡ್ ಅತ್ತಿಂದಿತ್ತ ಓಡಾಡುವುದರಲ್ಲೇ ಸಮಯ ಕಳೆಯುತ್ತಿತ್ತು. ಎಸ್‌ಎಸ್‌ಡಿಗೆ ನಕಲು ಮಾಡಿ ಮತ್ತೆ ಅಳೆದಾಗ ನಾಲ್ಕಕ್ಕೂ ಎಂಟಕ್ಕೂ `e` ಹತ್ತಿರ ಹತ್ತಿರ ಒಂದೇ ಬಂತು. ಈಗ ಅವರ ಕಣ್ಣು ವರದಿ ಬರೆಯುವ 30 ಸೆಕೆಂಡಿನ ಮೇಲಿದೆ. ಒಟ್ಟು ಸಮಯದ ಅರ್ಧದಷ್ಟು ಅದೇ ಆಗಿದೆ, ಮತ್ತು ಅದನ್ನು ಮುಟ್ಟದಿದ್ದರೆ ಉಳಿದೆಲ್ಲವೂ ಸೊನ್ನೆಯಾದರೂ ಲಾಭ 20 ಪಟ್ಟನ್ನು ದಾಟುವುದಿಲ್ಲ.