‘ಆಗ್ತದೆ ಸರ್’ ಅಂದ ಮೇಲೆ ಕೇಳಬೇಕಾದ್ದು

ಉಡುಪಿ ಕಡೆಯ ಒಂದು ಗೇರುಬೀಜ ಫ್ಯಾಕ್ಟರಿಗೆ ನಾನು ಖರೀದಿ ಕೆಲಸ ನೋಡಿಕೊಳ್ಳುತ್ತೇನೆ. ತಿಂಗಳಿಗೆ 20,000 ಪ್ರಿಂಟೆಡ್ ಪೌಚ್ ಬೇಕು, ಆರ್ಡರ್ ಹಾಕಿ 12 ಕೆಲಸದ ದಿನಕ್ಕೆ ಮಂಗಳೂರಿನ ಬೈಕಂಪಾಡಿಯ ಪೌಚ್ ತಯಾರಕರಿಂದ ಬರುತ್ತದೆ. ಒಂದು ದೀಪಾವಳಿಗೆ ಮೊದಲು ಇದ್ದಕ್ಕಿದ್ದಂತೆ 60,000 ಬೇಕಾಯಿತು. ಅವರಿಗೆ ಫೋನ್ ಮಾಡಿ "ಆಗ್ತದಾ?" ಅಂತ ಕೇಳಿದೆ. "ಆಗ್ತದೆ ಮಾರಾಯ್ರೆ, ಪ್ಲಾಸ್ಟಿಕ್ ಫಿಲ್ಮ್ ಒಂದು ಬರ್ಬೇಕು, ಒಂದು ವಾರ ಜಾಸ್ತಿ ಕೊಡಿ" ಅಂದರು.

ಸುಳ್ಳು ಹೇಳಿದ್ದಲ್ಲ ಅವರು. ನಾನು ಕೇಳಿದ ಪ್ರಶ್ನೆಗೆ ಬರುವ ಉತ್ತರವೇ ಅಷ್ಟು. ಹಾಗಾಗಿ ಮತ್ತೆ ಫೋನ್ ಮಾಡಿ ಬೇರೆ ಥರ ಕೇಳಿದೆ: ಸ್ಟಾಕಿನಲ್ಲಿರುವ ಫಿಲ್ಮ್ ಎಷ್ಟು ಪೌಚಿಗೆ ಸಾಕು? ನಮ್ಮ ಸರದಿ ಯಾವಾಗ? ಫಿಲ್ಮನ್ನು ಸೀಲ್ ಮಾಡಿ ಪೌಚ್ ಮಾಡುವ ಮೆಷಿನ್ನಿನಲ್ಲಿ, ಬೇರೆ ಪಾರ್ಟಿಗಳ ಕೆಲಸ ಬಿಟ್ಟು, ದಿನಕ್ಕೆ ನಮಗೆ ಎಷ್ಟು ಸಿಗುತ್ತದೆ?

ಫಿಲ್ಮ್ ಇದ್ದದ್ದು 20,000ಕ್ಕೆ ಮಾತ್ರ, ಉಳಿದದ್ದು ಬರಲು 7 ದಿನ. ಸರದಿಗೆ 2 ದಿನ, ಪ್ರಿಂಟಿಂಗ್ ಮತ್ತು ಲ್ಯಾಮಿನೇಶನ್ 2 ದಿನ, ಪದರಗಳ ನಡುವಿನ ಅಂಟು ಗಟ್ಟಿಯಾಗಲು ಬಿಸಿ ಕೋಣೆಯಲ್ಲಿ 2 ದಿನ. ಮೆಷಿನ್ನಿನಲ್ಲಿ ನಮ್ಮ ಪಾಲು ದಿನಕ್ಕೆ 4,000.

ಈಗ ಲೆಕ್ಕ ಹಾಕಿ. ಮೊದಲ 20,000 ಎಂದಿನಂತೆ 6 ದಿನದಲ್ಲಿ ತಯಾರಾಗಿ ಮೆಷಿನ್ನಿಗೆ ಹೋಗುತ್ತದೆ, 11ನೇ ದಿನಕ್ಕೆ ಮುಗಿಯುತ್ತದೆ, 12ಕ್ಕೆ ನಮ್ಮ ಗೋಡೌನಿನಲ್ಲಿ. ಹೊಸ ಫಿಲ್ಮ್ 7ನೇ ದಿನ ಬಂದು, ಪ್ರಿಂಟ್ ಆಗಿ, ಅಂಟು ಗಟ್ಟಿಯಾಗಿ 11ಕ್ಕೇ ರೆಡಿ. ಆದರೆ 40,000 ಪೌಚ್ ಮಾಡಲು 10 ದಿನ ಬೇಕಲ್ವಾ? 21ಕ್ಕೆ ಮುಗಿದು 22ಕ್ಕೆ ತಲುಪುತ್ತದೆ. ಅಂದರೆ ಜಾಸ್ತಿ ಬೇಕಾದದ್ದು 7 ದಿನ ಅಲ್ಲ, 10. ಫಿಲ್ಮನ್ನು ದುಡ್ಡು ಕೊಟ್ಟು ಬೇಗ ತರಿಸಿದರೂ ಒಂದು ದಿನವೂ ಉಳಿಯುತ್ತಿರಲಿಲ್ಲ, ಅದು ಬಂದು ಮೆಷಿನ್ನಿನ ಮುಂದೆ ಸುಮ್ನೆ ಕೂರುತ್ತಿತ್ತು.

ನಮ್ಮ ಯಜಮಾನರು ಅದಕ್ಕೇ ದುಡ್ಡು ಕೊಡಲು ಹೊರಟಿದ್ದರು!

ಅದೇ ದುಡ್ಡನ್ನು ರಾತ್ರಿ ಪಾಳಿಗೆ ಕೊಟ್ಟೆವು. 12ನೇ ದಿನದಿಂದ ದಿನಕ್ಕೆ 8,000, ಐದೇ ದಿನದಲ್ಲಿ ಕೆಲಸ ಮುಗಿದು 17ಕ್ಕೆ ಮಾಲು ಬಂತು. ರಾತ್ರಿಗೆ ಆಪರೇಟರ್ ಇದ್ದಾರಾ ಅಂತ ಮೊದಲೇ ಕೇಳಿಕೊಂಡಿದ್ದೆ, ಮೆಷಿನ್ ಖಾಲಿ ಇದ್ದು ಜನ ಇಲ್ಲದಿದ್ದರೆ ಏನು ಪ್ರಯೋಜನ? ಎಲ್ಲ ಒಟ್ಟಿಗೆ ಕಳಿಸುವುದು ಬೇಡ, ಎರಡು ಲಾಟ್, ಎರಡು ತಾರೀಕು ಅಂತ ವಾಟ್ಸಾಪಿನಲ್ಲಿ ಬರೆಸಿಕೊಂಡೆ. ಮೊದಲ ಲಾಟ್ ಬಂದದ್ದರಿಂದ ಪ್ಯಾಕಿಂಗ್ ನಿಲ್ಲಲಿಲ್ಲ.

ಒತ್ತಡ ಹಾಕುವಾಗ ಒಂದು ಕಡೆ ಮಾತ್ರ ಕೈ ಹಾಕಬೇಡಿ, ಆ ಬಿಸಿ ಕೋಣೆಯ 2 ದಿನಕ್ಕೆ. ಅವಸರಕ್ಕೆ ಅದನ್ನು ಕಡಿಮೆ ಮಾಡಿದರೆ ಪೌಚಿನ ಪದರಗಳು ಬಿಡುತ್ತವೆ, ಅಂಟಿನ ವಾಸನೆ ಒಳಗೆ ಉಳಿದು ಗೇರುಬೀಜಕ್ಕೂ ಹಿಡಿಯುತ್ತದೆ. ಲಾಟ್ ಬಂದ ಕೂಡಲೇ ನಾನು ನಾಲ್ಕೈದು ಪೌಚ್ ತೆಗೆದು ಮೂಲೆ ಕತ್ತರಿಸಿ ಉಗುರಿನಿಂದ ಪದರ ಎಬ್ಬಿಸಿ ನೋಡುತ್ತೇನೆ, ಬಾಯಿ ತೆರೆದು ಮೂಸುತ್ತೇನೆ. ಪದರ ಸುಲಭವಾಗಿ ಬಿಟ್ಟುಕೊಂಡರೆ ಆ ಲಾಟ್ ಪ್ಯಾಕಿಂಗಿಗೆ ಹೋಗುವುದಿಲ್ಲ.